ಕೈ ತೊಳೆದು ಬನ್ನಿ ಎನ್ನುವ ಮುನ್ನ

ಮೊಬೈಲ್ ಅಂಗಡಿಗಳಲ್ಲಿ ಒಂದು ಮಾತು ಶಾಸ್ತ್ರವಾಕ್ಯದಂತೆ ಚಲಾವಣೆಯಲ್ಲಿದೆ: ಬೆರಳಚ್ಚೇ ಗಟ್ಟಿ ಬೀಗ, ನಂಬರು ಒತ್ತುವುದು ಹಳೇ ಪದ್ಧತಿ. ಹೊಸ ಫೋನ್ ಕೊಂಡವರ ಹೆಬ್ಬೆಟ್ಟನ್ನು ಹುಡುಗ ಹತ್ತಾರು ಸಲ ಒತ್ತಿಸಿಕೊಳ್ಳುತ್ತಾನೆ. ನಡುವೆ ಫೋನ್ ಕೇಳುವ ಪಿನ್ ಜಾಗಕ್ಕೆ ತನಗೆ ತೋಚಿದ ನಾಲ್ಕು ಅಂಕಿ ಹಾಕಿ, "ಇದು ನಿಮಗೆ ಬೇಕಾಗಲ್ಲ ಬಿಡಿ ಅಕ್ಕ, ಬೆರಳಿಟ್ರೆ ಸಾಕು" ಎಂದು ಫೋನ್ ಕೈಗಿಡುತ್ತಾನೆ. ವಾರ ಕಳೆದು ಅದೇ ಅಕ್ಕ "ಬೆರಳು ತಗೊಳ್ತಾ ಇಲ್ಲ" ಎಂದು ಬಂದರೆ ಸಲಹೆಯೂ ಸಿದ್ಧ: "ಕೈ ತೊಳ್ಕೊಂಡು, ಒರೆಸ್ಕೊಂಡು ಇಡಿ."

ಇದು ಒಬ್ಬ ಹುಡುಗನ ಅಜಾಗರೂಕತೆಯಲ್ಲ. ಜಾಹೀರಾತಿನಿಂದ ಹಿಡಿದು ಮನೆಯ ಓದಿದ ಮಕ್ಕಳವರೆಗೆ ಎಲ್ಲರೂ ಒಪ್ಪಿಕೊಂಡಿರುವ ನಿಲುವು. ಅದರಲ್ಲಿ ಮೂರು ನಂಬಿಕೆಗಳು ಹೆಣೆದುಕೊಂಡಿವೆ: ಬೆರಳು ಓದದಿದ್ದರೆ ದೋಷ ಕೈಯದು, ಮತ್ತೆ ಮತ್ತೆ ಇಟ್ಟರೆ ಓದುತ್ತದೆ, ಬೆರಳೇ ನಿಜವಾದ ಬೀಗ, ಪಿನ್ ಬರೀ ಹೆಚ್ಚುವರಿ. ಮೂರೂ ತಪ್ಪು. ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಈ ತಪ್ಪುಗಳಿಂದ ನಷ್ಟವೇನೂ ಇಲ್ಲ, ಏಕೆಂದರೆ ಅವರ ಬೆರಳು ಸದಾ ಓದಿಸಿಕೊಳ್ಳುತ್ತದೆ. ಗಾರೆ ಕೆಲಸದವರು, ಅಡಿಕೆ ಸುಲಿಯುವವರು, ಮೀನು ಶುಚಿ ಮಾಡುವವರು, ಪಾತ್ರೆ ತೊಳೆಯುವವರು ಮಾತ್ರ ಇದಕ್ಕೆ ದಂಡ ತೆರುತ್ತಾರೆ.

ಮೊದಲ ನಂಬಿಕೆಯಿಂದ ಶುರುಮಾಡೋಣ. ಫೋನ್ ಬೆರಳನ್ನು ನಾವು ಮುಖ ಗುರುತಿಸುವಂತೆ ಗುರುತಿಸುವುದಿಲ್ಲ. ಬೆರಳ ತುದಿಯ ಗೆರೆಗಳು ಸುಮಾರು ಅರ್ಧ ಮಿಲಿಮೀಟರ್ ಅಂತರದಲ್ಲಿ ಸಾಲುಗಟ್ಟಿರುತ್ತವೆ. ಗೆರೆ ಉಬ್ಬು, ಎರಡು ಗೆರೆಗಳ ನಡುವೆ ತಗ್ಗು. ಪಕ್ಕದ ಗುಂಡಿಯಲ್ಲಿ ಬೆರಳಿಡುವ ಫೋನುಗಳಲ್ಲಿ ಸಾಮಾನ್ಯವಾಗಿ ಕೆಪ್ಯಾಸಿಟಿವ್ ಸೆನ್ಸರ್ ಇರುತ್ತದೆ. ಉಬ್ಬು ಸೆನ್ಸರಿಗೆ ತಾಗುತ್ತದೆ, ತಗ್ಗಿನಲ್ಲಿ ಗಾಳಿ ಇರುತ್ತದೆ; ಎರಡೂ ಕಡೆ ವಿದ್ಯುದಂಶ ಹಿಡಿದಿಡುವ ಶಕ್ತಿ ಬೇರೆ ಬೇರೆ. ಆ ವ್ಯತ್ಯಾಸವೇ ಚಿತ್ರ. ಪರದೆಯ ಮೇಲೆಯೇ ಬೆರಳಿಡುವ ಹೆಚ್ಚಿನ ಫೋನುಗಳಲ್ಲಿ ಆಪ್ಟಿಕಲ್ ಸೆನ್ಸರ್ ಇರುತ್ತದೆ: ಪರದೆ ಬೆಳಕು ಚೆಲ್ಲುತ್ತದೆ, ಅದರಡಿಯ ಪುಟ್ಟ ಕ್ಯಾಮೆರಾ ಹಿಂದಿರುಗಿದ ಬೆಳಕನ್ನು ನೋಡುತ್ತದೆ. ಎರಡಕ್ಕೂ ಬೇಕಾದದ್ದು ಒಂದೇ, ಉಬ್ಬಿಗೂ ತಗ್ಗಿಗೂ ಎದ್ದು ಕಾಣುವ ವ್ಯತ್ಯಾಸ. ಹಾಗೆ ಸಿಕ್ಕ ಚಿತ್ರವನ್ನು ಮೊದಲ ದಿನ ದಾಖಲಾದ ಚಿತ್ರದ ಜೊತೆ ಹೋಲಿಸಿ, ಹೊಂದಾಣಿಕೆ ಒಂದು ಮಟ್ಟ ಮೀರಿದರೆ ಫೋನ್ ತೆರೆಯುತ್ತದೆ.

ಈಗ ಒದ್ದೆ ಕೈಯನ್ನು ನೋಡಿ. ತಗ್ಗಿನಲ್ಲಿ ಗಾಳಿಯ ಬದಲು ನೀರು ತುಂಬುತ್ತದೆ. ನೀರು ವಿದ್ಯುತ್ತಿನ ವಿಷಯದಲ್ಲಿ ಗಾಳಿಯಂತಲ್ಲ, ಬಹುಮಟ್ಟಿಗೆ ಚರ್ಮದಂತೆಯೇ ವರ್ತಿಸುತ್ತದೆ. ಹಾಗಾಗಿ ಉಬ್ಬೂ ತಗ್ಗೂ ಒಂದೇ ಆಗಿ, ಸೆನ್ಸರಿಗೆ ಗೆರೆಯಿಲ್ಲದ ಒಂದು ಮುದ್ದೆ ಕಾಣುತ್ತದೆ. ಸವೆದ ಬೆರಳಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಉಬ್ಬೇ ತಗ್ಗಿಹೋಗಿರುತ್ತದೆ, ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ. ಗೆರೆಗಳು ತುಂಡುತುಂಡಾಗುತ್ತವೆ, ಇಲ್ಲದ ಕಡೆ ಬಿರುಕು ಹೊಸ ಗೆರೆಯಂತೆ ತೋರುತ್ತದೆ. ಒದ್ದೆ ಮತ್ತು ಸವೆತ ಎರಡು ಬೇರೆ ರೋಗಗಳು. ಎರಡಕ್ಕೂ "ತೊಳೆದು ಒರೆಸಿ" ಎಂಬ ಒಂದೇ ಮದ್ದು ಕೊಡುವವರಿಗೆ ರೋಗವೇ ತಿಳಿದಿಲ್ಲ. ಸವೆದು ಒಣಗಿದ ಬೆರಳನ್ನು ಸೋಪಿನಲ್ಲಿ ತೊಳೆದರೆ ಅದು ಇನ್ನಷ್ಟು ಒಣಗುತ್ತದೆ, ಓದುವುದು ಇನ್ನಷ್ಟು ಕಷ್ಟವಾಗುತ್ತದೆ.

ಒದ್ದೆ ಕೈಗೂ ಆ ಸಲಹೆ ಪೂರ್ತಿ ಸರಿಯಲ್ಲ. ಬಹಳ ಹೊತ್ತು ನೀರಿನಲ್ಲಿದ್ದ ಬೆರಳ ತುದಿ ನಿರಿಗೆಗಟ್ಟುತ್ತದಲ್ಲ, ಅದು ಚರ್ಮ ನೀರು ಕುಡಿದು ಉಬ್ಬಿದ್ದರಿಂದ ಅಷ್ಟೇ ಆಗುವುದಲ್ಲ. ನರಗಳ ಆಜ್ಞೆಯಿಂದ ಒಳಗಿನ ರಕ್ತನಾಳಗಳು ಕುಗ್ಗಿ, ಮೇಲಿನ ಚರ್ಮ ಒಳಕ್ಕೆ ಜಗ್ಗಿದಂತಾಗುತ್ತದೆ. ಕೈಯ ನರ ತುಂಡಾದವರ ಬೆರಳು ನೀರಿನಲ್ಲಿ ನಿರಿಗೆಗಟ್ಟುವುದಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಟವೆಲ್ಲಿನಿಂದ ಎಷ್ಟೇ ಒರೆಸಿಕೊಂಡರೂ ನೀರು ಹೋಗುತ್ತದೆ, ನಿರಿಗೆ ಹೋಗುವುದಿಲ್ಲ. ಅದು ತಾನಾಗಿ ಬಿಡಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಫೋನ್ ಮುಂದಿಟ್ಟುಕೊಂಡು ಕಾಯುವ ಬಿಡುವು ಆ ಕೆಲಸದಲ್ಲಿ ಯಾರಿಗಿದೆ?

ಇನ್ನು ಸವೆತ. ಬೆರಳ ಗೆರೆಯ ಮೂಲ ನಕ್ಷೆ ಇರುವುದು ಚರ್ಮದ ಒಳಪದರದಲ್ಲಿ. ಮೇಲ್ಪದರ ಸವೆದರೂ ಸುಮಾರು ಒಂದು ತಿಂಗಳಲ್ಲಿ ಅದೇ ನಕ್ಷೆಯಂತೆ ಮತ್ತೆ ಬೆಳೆಯುತ್ತದೆ. ಹಾಗಾದರೆ ಸಮಸ್ಯೆ ಎಲ್ಲಿ? ಬೆಳೆಯುವುದಕ್ಕಿಂತ ಬೇಗ ಸವೆಯುವಲ್ಲಿ. ಹಸಿ ಸಿಮೆಂಟು ತೀವ್ರ ಕ್ಷಾರ, ಅದರ ಪಿಎಚ್ 12ಕ್ಕೂ ಮೇಲೆ. ಅದು ಚರ್ಮದ ಜಿಡ್ಡನ್ನು ತೆಗೆದು ಮೇಲ್ಪದರವನ್ನು ಸುಡುತ್ತದೆ; ಉಳಿದದ್ದನ್ನು ಮರಳು, ಇಟ್ಟಿಗೆ ಉಜ್ಜುತ್ತವೆ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರ ಬೆರಳಿಗೆ ಸಿಪ್ಪೆಯ ತಿಕ್ಕಾಟವೂ ಕಾಯಿಯ ರಸವೂ ಸೇರಿ, ಕರೆಗಟ್ಟಿದ ಒರಟು ಪದರವೇ ಮೇಲೆ ಕೂರುತ್ತದೆ. ರಜೆ ಸಿಕ್ಕರೆ ಗೆರೆ ಮರಳುತ್ತದೆ. ರಜೆ ಸಿಗುವುದಿಲ್ಲ, ಅದಕ್ಕೇ ಗೆರೆಯೂ ಮರಳುವುದಿಲ್ಲ. ಇದನ್ನು ಕೈಯ ದೋಷ ಎನ್ನುವುದಾದರೆ, ಕೆಲಸ ಮಾಡುವುದನ್ನೇ ದೋಷ ಎಂದಂತಾಯಿತು.

ಯಂತ್ರದ ಕಡೆಯ ಆಯ್ಕೆಯನ್ನೂ ಮರೆಯಬಾರದು. ಹೊಂದಾಣಿಕೆಯ ಮಟ್ಟ ಎಲ್ಲಿರಬೇಕೆಂದು ಯಾರೋ ತೀರ್ಮಾನಿಸಿರುತ್ತಾರೆ. ಮಟ್ಟ ಇಳಿಸಿದರೆ ಅನ್ಯರ ಬೆರಳಿಗೂ ಫೋನ್ ತೆರೆದೀತು, ಏರಿಸಿದರೆ ಒಡೆಯರನ್ನೇ ಹೊರಗಿಟ್ಟೀತು. ಆಂಡ್ರಾಯ್ಡ್ ಫೋನ್ ತಯಾರಕರಿಗೆ ಗೂಗಲ್ ಹಾಕಿರುವ ನಿಯಮದಲ್ಲಿ, ಬ್ಯಾಂಕ್ ಕೆಲಸಕ್ಕೂ ಒಗ್ಗುವ ಮೇಲ್ದರ್ಜೆಯ ಬಯೋಮೆಟ್ರಿಕ್ ಅನ್ಯರನ್ನು ಒಳಬಿಡುವ ಸಂಭವ 50,000ಕ್ಕೆ ಒಂದನ್ನು ಮೀರುವಂತಿಲ್ಲ. ಒಡೆಯರನ್ನೇ ತಿರಸ್ಕರಿಸುವ ಪ್ರಮಾಣಕ್ಕಿರುವ ಗುರಿಯೋ ಶೇ. 10ಕ್ಕಿಂತ ಕಡಿಮೆ ಎಂಬುದು. ಆ ಗುರಿ ಮುಟ್ಟಿದ ಫೋನಿನಲ್ಲೂ ಸರಾಸರಿ ಎಂಬ ಲೆಕ್ಕದ ಹಿಂದೆ ಜನ ಮರೆಯಾಗುತ್ತಾರೆ. ಮೃದು ಬೆರಳಿನ ಒಂಬತ್ತು ಜನರಿಗೆ ಒಮ್ಮೆಯೂ ತಪ್ಪದೆ, ಹತ್ತನೆಯವರಿಗೆ ಹೆಚ್ಚುಕಡಿಮೆ ಪ್ರತಿ ಸಲವೂ ತಪ್ಪಿದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಆ ಹತ್ತನೆಯವರು ಯಾರೆಂದು ಊಹಿಸುವುದು ಕಷ್ಟವಲ್ಲ.

ಎರಡನೆಯ ನಂಬಿಕೆ, ಮತ್ತೆ ಮತ್ತೆ ಇಟ್ಟರೆ ಓದುತ್ತದೆ ಎನ್ನುವುದು. ಇದರ ಹಿಂದೆ ಒಂದು ತಪ್ಪು ಲೆಕ್ಕವಿದೆ. ಎರಡರಲ್ಲಿ ಒಂದು ಸಲ ತಪ್ಪುವ ಬೆರಳು ಐದು ಸಲವೂ ತಪ್ಪುವ ಸಂಭವ 32ರಲ್ಲಿ ಒಂದು ಮಾತ್ರ, ಹಾಗಾಗಿ ಪ್ರಯತ್ನಿಸುತ್ತಿದ್ದರೆ ತೆರೆದೇ ತೆರೆಯುತ್ತದೆ ಎಂದು. ನಾಣ್ಯ ಚಿಮ್ಮುವಾಗ ಈ ಲೆಕ್ಕ ಸರಿ, ಏಕೆಂದರೆ ಒಂದು ಸಲ ಬಿದ್ದದ್ದಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ. ಬೆರಳು ಹಾಗಲ್ಲ. ಮೊದಲ ಸಲ ಯಾವ ಕಾರಣಕ್ಕೆ ಓದಲಿಲ್ಲವೋ ಅದೇ ಕಾರಣ ಎರಡನೆಯ ಸಲವೂ ಅಲ್ಲೇ ಇರುತ್ತದೆ. ಸವೆದ ಗೆರೆ ಎರಡು ಸೆಕೆಂಡಿನಲ್ಲಿ ಬೆಳೆಯುವುದಿಲ್ಲ.

ಅಷ್ಟೇ ಅಲ್ಲ, ಮತ್ತೆ ಮತ್ತೆ ಇಡುವುದಕ್ಕೆ ಫೋನ್ ಶಿಕ್ಷೆ ಕೊಡುತ್ತದೆ. ಆಂಡ್ರಾಯ್ಡಿನ ಮೂಲ ವ್ಯವಸ್ಥೆಯಲ್ಲಿ ಸತತ ಐದು ಸಲ ತಪ್ಪಿದರೆ ಬೆರಳಚ್ಚು 30 ಸೆಕೆಂಡು ನಿಲ್ಲುತ್ತದೆ. ತಪ್ಪು 20ಕ್ಕೆ ಮುಟ್ಟಿದರೆ ಬೆರಳನ್ನು ಪಕ್ಕಕ್ಕಿಟ್ಟು ಪಿನ್ನನ್ನೇ ಕೇಳುತ್ತದೆ. ಬೆರಳಚ್ಚು ಇರುವ ಐಫೋನುಗಳಂತೂ ಐದು ತಪ್ಪಿಗೇ ಪಾಸ್‌ಕೋಡ್ ಕೇಳುತ್ತವೆ. ಕಳ್ಳನನ್ನು ತಡೆಯಲು ಈ ನಿಯಮ ಬೇಕು. ಆದರೆ "ಮತ್ತೆ ಇಟ್ಟು ನೋಡಿ" ಎನ್ನುವವರು, ಒಡೆಯರನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸುತ್ತಿದ್ದೇವೆ ಎಂಬುದನ್ನು ತಿಳಿದು ಹೇಳಲಿ. ಸರಿಯಾದ ಸಲಹೆ ಇದಕ್ಕೆ ವಿರುದ್ಧ: ಎರಡು ಸಲ ಓದದಿದ್ದರೆ ಬೆರಳು ತೆಗೆಯಿರಿ, ಪರದೆಯನ್ನು ಮೇಲಕ್ಕೆ ಸರಿಸಿ ಪಿನ್ ಒತ್ತಿರಿ.

ಪಿನ್ ಗೊತ್ತಿದ್ದರೆ ತಾನೆ ಒತ್ತುವುದು? ಇಲ್ಲಿ ಮೂರನೆಯ ನಂಬಿಕೆ ತನ್ನ ವಿಷ ಕಕ್ಕುತ್ತದೆ. ಗಾರೆ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳ ವಾರವನ್ನು ಊಹಿಸಿಕೊಳ್ಳಿ. ಭಾನುವಾರ ಸ್ನಾನ ಮಾಡಿ ಸಂತೆಗೆ ಬಂದವಳು ಫೋನ್ ಕೊಳ್ಳುತ್ತಾಳೆ. ಅಂಗಡಿಯಲ್ಲಿ ಬಲಗೈ ಹೆಬ್ಬೆಟ್ಟೊಂದನ್ನೇ ದಾಖಲಿಸುತ್ತಾರೆ. ವಾರದಲ್ಲೇ ಅತಿ ಶುಚಿಯಾದ, ಮೆತ್ತಗಿನ ಹೆಬ್ಬೆಟ್ಟು ಅದು; ಫೋನಿಗೆ ಪರಿಚಯವಾದದ್ದು ಆ ಹೆಬ್ಬೆಟ್ಟು ಮಾತ್ರ. ಸೋಮವಾರ, ಮಂಗಳವಾರ ಇಟ್ಟಿಗೆ ಹೊರುವ ಕೆಲಸ, ಬೆರಳು ಹೇಗೋ ನಡೆಯುತ್ತದೆ. ಬುಧವಾರದಿಂದ ಪ್ಲಾಸ್ಟರಿಂಗ್. ಬಾಂಡ್ಲಿಯಲ್ಲಿ ಗಾರೆ ತುಂಬಿ ಕೊಟ್ಟು ಕೊಟ್ಟು ಗುರುವಾರದ ಹೊತ್ತಿಗೆ ಹೆಬ್ಬೆಟ್ಟು ಬೆಳ್ಳಗೆ ಒಣಗಿ ಬಿರಿದಿದೆ. ಮಧ್ಯಾಹ್ನ ಮೇಸ್ತ್ರಿ ನಾಳೆಯ ಕೆಲಸ ಎಲ್ಲಿ ಎಂದು ಮೆಸೇಜ್ ಹಾಕಿದ್ದಾನೆ. ಅವಳು ಬೆರಳಿಡುತ್ತಾಳೆ, ಒರೆಸಿಕೊಂಡು ಇಡುತ್ತಾಳೆ, 30 ಸೆಕೆಂಡು ಕಾದು ಇಡುತ್ತಾಳೆ. ಸಂಜೆಯ ಹೊತ್ತಿಗೆ ಫೋನ್ ಪಿನ್ ಬಿಟ್ಟು ಬೇರೇನನ್ನೂ ಒಪ್ಪುತ್ತಿಲ್ಲ. ಅಂಗಡಿಯ ಹುಡುಗನಿಗೆ ತಾನು ಹಾಕಿದ್ದ ಅಂಕಿ ಮರೆತಿದೆ. ಅವನಿಗೆ ಉಳಿದದ್ದು ಒಂದೇ ದಾರಿ, ಫ್ಯಾಕ್ಟರಿ ರೀಸೆಟ್: ಫೋನನ್ನು ಪೂರ್ತಿ ಅಳಿಸುವುದು. ಮಗುವಿನ ಫೋಟೋ, ಕೂಲಿಯ ಲೆಕ್ಕ, ಬೇರೆಡೆ ಬರೆದಿಡದ ನಂಬರುಗಳು ಎಲ್ಲವೂ ಅದರ ಜೊತೆ ಹೋಗುತ್ತವೆ. ಅಳಿಸಿದ ಮೇಲೂ ಫೋನ್ ಹಿಂದೆ ಇದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಅಥವಾ ಹಳೇ ಪಿನ್ ಕೇಳುತ್ತದೆ. ಆ ಖಾತೆಯನ್ನು ತೆರೆದವನೂ ಅದೇ ಹುಡುಗ.

ಇಲ್ಲಿ ಕೈಕೊಟ್ಟದ್ದು ಬೆರಳಲ್ಲ. ಬೆರಳು ಸವೆಯುವುದು ಮೊದಲೇ ಗೊತ್ತಿದ್ದ ಸಂಗತಿ. ಪಿನ್ ಒಡತಿಯ ಕೈಯಲ್ಲಿ ಇಲ್ಲದಿದ್ದುದೇ ಅನಾಹುತ. ಬೆರಳು ಚೆನ್ನಾಗಿಯೇ ಇದ್ದರೂ ಇದು ಆಗಬಹುದಿತ್ತು. ಏಕೆಂದರೆ ಫೋನ್ ಆಫ್ ಆಗಿ ಆನ್ ಆದಾಗ ಬೆರಳು ನಡೆಯುವುದಿಲ್ಲ, ಪಿನ್ನನ್ನೇ ಒತ್ತಬೇಕು. ಫೋನಿನಲ್ಲಿರುವ ಮಾಹಿತಿಯನ್ನು ಗೂಢಲಿಪಿಯಿಂದ ಬಿಡಿಸುವ ಕೀಲಿ ಹುಟ್ಟುವುದು ಪಿನ್ನಿನಿಂದ, ಬೆರಳಿನಿಂದಲ್ಲ. ಹಾಗೆಯೇ ಆಂಡ್ರಾಯ್ಡ್ ಹೆಚ್ಚೆಂದರೆ 72 ಗಂಟೆಗೊಮ್ಮೆ ಪಿನ್ ಕೇಳಲೇಬೇಕೆಂಬ ನಿಯಮವೂ ಇದೆ. ಫೋನನ್ನು ರಚಿಸಿದವರೇ ಪಿನ್ನನ್ನು ಮೂಲವಾಗಿ, ಬೆರಳನ್ನು ಅದರ ಮೇಲಿನ ಅನುಕೂಲವಾಗಿ ಇಟ್ಟಿದ್ದಾರೆ. ಮಾರುವವರು ಅದನ್ನು ತಲೆಕೆಳಗು ಮಾಡಿದ್ದಾರೆ.

ಭದ್ರತೆಯ ವಾದವೂ ಹಾಗೆಯೇ ಬೀಳುತ್ತದೆ. ಅನ್ಯರ ಬೆರಳಿಗೆ ಫೋನ್ ತೆರೆಯುವ ಸಂಭವ 50,000ಕ್ಕೆ ಒಂದು ಎಂದರೆ, 10,000 ಸಾಧ್ಯತೆಗಳ ನಾಲ್ಕಂಕಿ ಪಿನ್ನಿಗಿಂತ ಅದು ಮೇಲು ಎಂದು ಒಪ್ಪೋಣ. ಆದರೆ ಐದು ಬೆರಳು ದಾಖಲಿಸಿದರೆ ಆ ಸಂಭವವೂ ಸುಮಾರು ಐದು ಪಟ್ಟಾಗಿ, ಭದ್ರತೆ ನಾಲ್ಕಂಕಿಯ ಮಟ್ಟಕ್ಕೇ ಇಳಿಯುತ್ತದೆ. ಆರಂಕಿ ಪಿನ್ನಿಗಾದರೆ 10 ಲಕ್ಷ ಸಾಧ್ಯತೆಗಳು. ಜೊತೆಗೆ, ಬೆರಳಚ್ಚು ಹಾಕಿದ ಫೋನಿನಲ್ಲೂ ಪಿನ್ ಇದ್ದೇ ಇರುತ್ತದೆ. ಕಳ್ಳ ಬೆರಳನ್ನು ಬಿಟ್ಟು ನೇರವಾಗಿ ಅದನ್ನೇ ಒತ್ತಿ ನೋಡಬಹುದು. ಮುಂಬಾಗಿಲಿಗೆ ಹಿತ್ತಾಳೆ ಬೀಗ ಜಡಿದು ಹಿತ್ತಿಲ ಬಾಗಿಲಿಗೆ ದಾರ ಕಟ್ಟಿದಂತೆ, ಒಳಗೆ 1234 ಇಟ್ಟುಕೊಂಡು ಹೊರಗೆ ಬೆರಳಚ್ಚು ಹಾಕಿದರೆ ಫೋನಿನ ಭದ್ರತೆ 1234ರಷ್ಟೇ.

ಹಾಗಾದರೆ ಬೆರಳು ಬೇಡವೇ? ನನ್ನ ವಾದ ಅದಲ್ಲ. ಬೆರಳು ಇರಲಿ, ಅದರ ಸ್ಥಾನದಲ್ಲಿ ಇರಲಿ. ಕೈಕೆಲಸದವರಿಗೆ ಮೊದಲು ಗಟ್ಟಿ ಮಾಡಬೇಕಾದದ್ದು ಪಿನ್. ಆರು ಅಂಕಿ, ಹುಟ್ಟಿದ ವರ್ಷವಲ್ಲ, ಫೋನ್ ನಂಬರಿನ ಕೊನೆಯ ಅಂಕಿಗಳಲ್ಲ, ಯುಪಿಐ ಪಿನ್ ಅಂತೂ ಅಲ್ಲವೇ ಅಲ್ಲ. ಒಡೆಯರೇ ತಮ್ಮ ಕೈಯಿಂದ ಹಾಕಬೇಕು, ಅಂಗಡಿಯಿಂದ ಹೊರಡುವ ಮುಂಚೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ತಾವೇ ತೆರೆದು ನೋಡಬೇಕು. ದಿನಕ್ಕೊಮ್ಮೆಯಾದರೂ ಪಿನ್ನಿನಿಂದಲೇ ತೆರೆಯುವ ರೂಢಿ ಇದ್ದರೆ ಅದು ಮರೆಯುವುದಿಲ್ಲ.

"ಓದು ಬರಹ ಇಲ್ಲದವರಿಗೆ, ವಯಸ್ಸಾದವರಿಗೆ ಅಂಕಿ ನೆನಪಿರುವುದಿಲ್ಲ" ಎಂಬುದು ಇದಕ್ಕೆ ಬರುವ ಆಕ್ಷೇಪ. ಕೂಲಿ, ಸಾಲ, ಚೀಟಿಯ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡವರ ಬಗ್ಗೆ ಈ ಮಾತನ್ನು ಯೋಚಿಸದೆ ಆಡುತ್ತೇವೆ. ನಿಜವಾಗಿ ಮರೆಯುವವರಿದ್ದರೆ, ಅಂಕಿಯನ್ನು ಚೀಟಿಯಲ್ಲಿ ಬರೆದು ಮನೆಯ ಟ್ರಂಕಿನಲ್ಲಿಡಲಿ. ಬಸ್ಸಿನಲ್ಲಿ ಫೋನ್ ಕದ್ದವನ ಕೈಗೆ ಆ ಟ್ರಂಕು ಸಿಗುವುದಿಲ್ಲ. ಬರೆದಿಡುವುದು ಅಪಾಯ ಎಂಬ ಸಾರಾಸಗಟು ಉಪದೇಶ, ಚೀಟಿಯನ್ನು ಫೋನಿನ ಕವರಿನೊಳಗೇ ಸಿಕ್ಕಿಸಿಕೊಳ್ಳುವವರಿಗೆ ಮಾತ್ರ ಸರಿ.

ಅಂಕಿಗಿಂತ ಗೆರೆ ಎಳೆಯುವ ಪ್ಯಾಟರ್ನ್ ಸುಲಭ ಎನ್ನುವವರಿದ್ದಾರೆ. ಕೈಕೆಲಸದವರಿಗೆ ನಾನು ಅದನ್ನು ಸೂಚಿಸಲಾರೆ. ಒಂದೇ ಎಳೆತದಲ್ಲಿ ಮುಗಿಸಬೇಕಾದ ಗೆರೆ ಒದ್ದೆ ಬೆರಳಿಗಾಗಲಿ, ಜಡ್ಡುಗಟ್ಟಿದ ಒಣ ಬೆರಳಿಗಾಗಲಿ ನಡುವೆ ಕಡಿದುಹೋಗುತ್ತದೆ. ಬಿಡಿ ಬಿಡಿಯಾಗಿ ಅಂಕಿ ಒತ್ತುವುದರಲ್ಲಿ ಆ ತೊಂದರೆ ಕಡಿಮೆ. ಜಿಡ್ಡು ಅಥವಾ ಧೂಳು ಹತ್ತಿದ ಕೈಯಾದರೆ ಎಳೆದ ದಾರಿ ಗಾಜಿನ ಮೇಲೆ ಅಚ್ಚಾಗಿ ಉಳಿಯುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದವರಿಗೆಲ್ಲ ಕಾಣುತ್ತದೆ. ಮುಖ ತೋರಿಸಿ ತೆರೆಯುವುದು ಕೈ ಮಣ್ಣಾಗಿದ್ದಾಗ ಅನುಕೂಲವೇ. ಆದರೆ ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಅದು ಮುಂದಿನ ಕ್ಯಾಮೆರಾದ ಚಪ್ಪಟೆ ಚಿತ್ರವನ್ನಷ್ಟೇ ನೋಡುತ್ತದೆ. ಬ್ಯಾಂಕ್ ಆ್ಯಪುಗಳು ಅಂಥದ್ದನ್ನು ಸಾಮಾನ್ಯವಾಗಿ ಒಪ್ಪದಿರುವುದಕ್ಕೆ ಕಾರಣ ಅದೇ.

ಪಿನ್ನಿಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಪರದೆಯ ಮೇಲೆಯೇ ನೀರಿದ್ದರೆ ಸ್ಪರ್ಶವೂ ತಪ್ಪುತ್ತದೆ, ಒತ್ತದ ಅಂಕಿ ಬೀಳುತ್ತದೆ. ಆದ್ದರಿಂದ ಒದ್ದೆ ಕೆಲಸದವರು ಒರೆಸಬೇಕಾದದ್ದು ಬೆರಳಿನಷ್ಟೇ ಗಾಜನ್ನೂ. ಜಡ್ಡುಗಟ್ಟಿದ ಬೆರಳಿನ ಒತ್ತು ಪರದೆಗೆ ಗೊತ್ತಾಗದಿದ್ದರೆ, ಕೆಲವು ಫೋನುಗಳ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಗುಂಡಿ ಇರುತ್ತದೆ. ಕೈಗವಸು ತೊಟ್ಟವರಿಗೆಂದು ಮಾಡಿದ್ದು ದಪ್ಪ ಚರ್ಮಕ್ಕೂ ಆಗುತ್ತದೆ.

ಇಷ್ಟಾದ ಮೇಲೆ ಬೆರಳಿಗೆ ಬರೋಣ. ದಾಖಲಿಸಬೇಕಾದದ್ದು ಭಾನುವಾರದ ಬೆರಳನ್ನಲ್ಲ, ಕೆಲಸದ ದಿನದ ಸಂಜೆಯ ಬೆರಳನ್ನು. ಬಲಗೈ ಹೆಬ್ಬೆಟ್ಟು ಎಲ್ಲಕ್ಕಿಂತ ಮೊದಲು ಸವೆಯುವ ಬೆರಳುಗಳಲ್ಲೊಂದು. ಅದೊಂದನ್ನೇ ನಂಬುವ ಬದಲು, ಕೆಲಸದಲ್ಲಿ ಕಡಿಮೆ ತಗಲುವ ಎಡಗೈಯ ಉಂಗುರದ ಬೆರಳನ್ನೋ ಕಿರುಬೆರಳನ್ನೋ ಸೇರಿಸಬೇಕು. ಒಂದೇ ಬೆರಳನ್ನು ಎರಡು ಸಲ ಬೇರೆ ಬೇರೆಯಾಗಿ ದಾಖಲಿಸಿದರೆ, ಒಮ್ಮೆ ಮೆತ್ತಗಿದ್ದಾಗ, ಒಮ್ಮೆ ಒರಟಾಗಿದ್ದಾಗ, ಹೋಲಿಸಲು ಫೋನಿಗೆ ಎರಡು ಚಿತ್ರ ಸಿಗುತ್ತವೆ. ಕೊಯ್ಲಿನ ಕಾಲ ಬಂದಾಗ ಹಳೆಯದನ್ನು ಅಳಿಸಿ ಹೊಸದಾಗಿ ಹಾಕಬೇಕು. ಒಂದು ಎಚ್ಚರಿಕೆ: ಹೊಸ ಬೆರಳು ಸೇರಿಸಿದರೆ ಬ್ಯಾಂಕ್ ಆ್ಯಪುಗಳು ಹಳೇ ಬೆರಳಚ್ಚು ಲಾಗಿನ್ನನ್ನು ರದ್ದು ಮಾಡಿ ಮತ್ತೆ ತಮ್ಮ ಪಿನ್ ಕೇಳಬಹುದು. ಅದನ್ನು ತಿಳಿದುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು. ಹಾಗೆಯೇ, ಬಂದ ಕರೆ ಎತ್ತಲು, 112ಕ್ಕೆ ತುರ್ತು ಕರೆ ಮಾಡಲು ಬೀಗ ತೆರೆಯಬೇಕಾಗಿಲ್ಲ ಎಂಬುದನ್ನು ಹೇಳಿಕೊಟ್ಟರೆ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

ಫೋನಿನಲ್ಲಿ ಕೊನೆಗೆ ಪಿನ್ನಾದರೂ ಇದೆ. ಇದೇ ನಂಬಿಕೆ ಸರ್ಕಾರಿ ವ್ಯವಸ್ಥೆಯೊಳಗೆ ಹೊಕ್ಕಾಗ ಏನಾಗುತ್ತದೆ ಎಂಬುದಕ್ಕೆ ಪಡಿತರವೇ ಉದಾಹರಣೆ. ಆಧಾರ್ ಬಯೋಮೆಟ್ರಿಕ್ ದೃಢೀಕರಣ ವಿಫಲವಾಗುವ ಅಂದಾಜನ್ನು ಕೇಂದ್ರದ 2016–17ರ ಆರ್ಥಿಕ ಸಮೀಕ್ಷೆಯೇ ಕೊಟ್ಟಿತ್ತು: ಗುಜರಾತಿನಲ್ಲಿ ಶೇ. 6, ರಾಜಸ್ಥಾನದಲ್ಲಿ ಶೇ. 37, ಜಾರ್ಖಂಡಿನಲ್ಲಿ ಶೇ. 49. ವೈಫಲ್ಯಕ್ಕೆ ಬೆರಳಲ್ಲದೆ ನೆಟ್‌ವರ್ಕ್, ಯಂತ್ರ ಎಂಬ ಕಾರಣಗಳೂ ಇರುತ್ತವೆ. ಕಾರಣ ಯಾವುದೇ ಇರಲಿ, ಅಂಗಡಿಯ ಮುಂದೆ ನಿಂತವರಿಗೆ ಕೇಳಿಸುವುದು "ನಿಮ್ಮ ಬೆರಳು ಬರ್ತಿಲ್ಲ" ಎಂಬ ಮಾತೇ. ಆ ವ್ಯವಸ್ಥೆಗೆ ಕಣ್ಣಿನ ಪಾಪೆಯ ಗುರುತು, ಒಟಿಪಿ ಮುಂತಾದ ಬದಲಿ ದಾರಿಗಳನ್ನು ಸೇರಿಸಬೇಕಾಗಿ ಬಂದದ್ದು, ಬೆರಳೊಂದನ್ನೇ ನಂಬಿದರೆ ಸಾಲದು ಎಂಬುದನ್ನು ಒಪ್ಪಿಕೊಂಡಂತೆಯೇ. ಸೈಟಿನಲ್ಲಿ ಬೆರಳಚ್ಚು ಹಾಜರಾತಿ ಇಟ್ಟ ಗುತ್ತಿಗೆದಾರರು ಪಕ್ಕದಲ್ಲೊಂದು ಸಹಿ ಪುಸ್ತಕ ಇಡದಿದ್ದರೆ, ಹೆಚ್ಚು ದುಡಿದ ಕೈಗೇ ಗೈರುಹಾಜರಿ ಬೀಳುತ್ತದೆ.

ಆದ್ದರಿಂದ ವಾದವನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿಗೆ ತರುತ್ತೇನೆ. ಬದಲಿ ದಾರಿ ಎಂದರೆ ಬೆರಳು ಸೋತಾಗ ಮಾಡುವ ದಾಕ್ಷಿಣ್ಯವಲ್ಲ, ಬೆರಳಿಗಿಂತ ಮೊದಲು ಕೊಡಬೇಕಾದ ಹಕ್ಕು. ಫೋನ್ ಮಾರುವವರು ಪಿನ್ನನ್ನು ಒಡೆಯರ ಕೈಯಿಂದಲೇ ಹಾಕಿಸಲಿ, ರೀಸ್ಟಾರ್ಟ್ ಮಾಡಿಸಿ ತೆರೆಸಿ ನೋಡಲಿ, ಆಮೇಲೆ ಬೆರಳು ಕೇಳಲಿ. ಇದಕ್ಕೆ ಹಿಡಿಯುವುದು ಹತ್ತು ನಿಮಿಷ. ಟೆಂಪರ್ಡ್ ಗ್ಲಾಸ್ ಅಂಟಿಸಲು ಅಷ್ಟು ಹೊತ್ತು ತಾಳ್ಮೆಯಿಂದ ಕೂರುವವರಿಗೆ ಇದಕ್ಕೆ ಪುರುಸೊತ್ತಿಲ್ಲ ಎಂದರೆ ನಂಬಲು ನಾನು ಸಿದ್ಧನಿಲ್ಲ.